ಆಗಸ್ಟ್‌ನಲ್ಲಿ ಹೆಸರುಕಾಳಿನ ದರ ನೋಡುವವರು ಜುಲೈನಲ್ಲೇ ತೆರೆಯಬೇಕಾದ ಆ್ಯಪ್

ಆಗಸ್ಟ್ ಬಂತೆಂದರೆ ಗದಗ, ರೋಣ, ನರಗುಂದ, ನವಲಗುಂದದ ಎರೆ ಹೊಲಗಳಲ್ಲಿ ಹೆಸರಿನ ರಾಶಿ ಶುರುವಾಗುತ್ತದೆ. ಊರಿನ ವಾಟ್ಸ್ಯಾಪ್ ಗುಂಪುಗಳಲ್ಲಿ ದರದ ಸ್ಕ್ರೀನ್‌ಶಾಟ್‌ಗಳು ಓಡಾಡುವುದೂ ಆಗಲೇ. ಗದಗದಲ್ಲಿ ಇಷ್ಟು, ಹುಬ್ಬಳ್ಳಿ ಅಮರಗೋಳದಲ್ಲಿ ಇಷ್ಟು, ಅದರ ಕೆಳಗೆ ಸರ್ಕಾರದ ಬೆಂಬಲ ಬೆಲೆ ಇಷ್ಟು. ರೈತರು ಆ ಅಂಕಿ ನೋಡಿಕೊಂಡು ಚೀಲ ಹೇರಿಕೊಂಡು ಹೋಗುತ್ತಾರೆ. ಅಂಗಡಿಯಲ್ಲಿ ಟೆಂಡರ್ ಬಿದ್ದಾಗ ಅದಕ್ಕಿಂತ ಐದಾರು ನೂರು ಕಡಿಮೆ ಇರುತ್ತದೆ. ‘ಫೋನಿನ್ಯಾಗ ಒಂದ್ ರೇಟ್, ಅಂಗಡ್ಯಾಗ ಒಂದ್ ರೇಟ್’ ಎಂಬ ಮಾತು ಪ್ರತಿ ವರ್ಷ ಕೇಳುತ್ತದೆ.

ಈ ಸಿಟ್ಟಿಗೆ ಕಾರಣ ಇದೆ. ಆದರೆ ಹೆಚ್ಚಿನ ಸಲ ಫೋನು ತೋರಿಸಿದ್ದು ಸುಳ್ಳಾಗಿರುವುದಿಲ್ಲ. ಅದು ತೋರಿಸಿದ್ದು ಬೇರೆಯವರ ಕಾಳಿನ ದರ. ನಮ್ಮ ಕಾಳಿಗೆ ಸಿಗುವ ದರ ಎರಡು ಕಡೆ ತೀರ್ಮಾನವಾಗುತ್ತದೆ. ಒಂದು, ಕಾಳಿನ ಹಸಿ ಮತ್ತು ಗುಣಮಟ್ಟದಲ್ಲಿ. ಇನ್ನೊಂದು, ಬೆಳೆ ಇನ್ನೂ ಹೊಲದಲ್ಲಿ ನಿಂತಿರುವಾಗ ಸರ್ಕಾರದ ದಾಖಲೆಯಲ್ಲಿ ಬೀಳುವ ಒಂದು ಸಾಲಿನಲ್ಲಿ. ಎರಡನೆಯದರ ಬಗ್ಗೆ ಮಾತಾಡುವವರು ಕಡಿಮೆ. ದುಡ್ಡು ಜಾಸ್ತಿ ಹೋಗುವುದು ಮಾತ್ರ ಅಲ್ಲೇ.

ಮೊದಲು ದರದ ಪಟ್ಟಿಯನ್ನೇ ನೋಡೋಣ. ನಮ್ಮ ಕಡೆ ಉಪಯೋಗಕ್ಕೆ ಬರುವ ಸರ್ಕಾರಿ ಮೂಲಗಳು ಮುಖ್ಯವಾಗಿ ಎರಡು. ರಾಜ್ಯದ ಕೃಷಿ ಮಾರಾಟ ಇಲಾಖೆಯ ‘ಕೃಷಿ ಮಾರಾಟ ವಾಹಿನಿ’ ಒಂದು, ಕೇಂದ್ರದ agmarknet.gov.in ಇನ್ನೊಂದು. ಪ್ಲೇ ಸ್ಟೋರ್‌ನಲ್ಲಿ ಸಿಗುವ ಹತ್ತಾರು ಖಾಸಗಿ ದರದ ಆ್ಯಪ್‌ಗಳಲ್ಲಿ ಬಹಳಷ್ಟು ಇಲ್ಲಿಂದಲೇ ಅಂಕಿ ಎತ್ತಿಕೊಂಡು, ಜಾಹೀರಾತು ಸೇರಿಸಿ ತೋರಿಸುತ್ತವೆ. ಹಾಗಾಗಿ ಜಾಗ ಕಡಿಮೆ ಇರುವ ಫೋನ್‌ನಲ್ಲಿ ಅವನ್ನೆಲ್ಲ ಹಾಕಿಕೊಳ್ಳುವ ಅಗತ್ಯ ಇಲ್ಲ. ಬ್ರೌಸರ್‌ನಲ್ಲಿ ಸರ್ಕಾರಿ ಪುಟ ತೆರೆದು, ಅದನ್ನು ಹೋಮ್ ಸ್ಕ್ರೀನ್‌ಗೆ ಸೇರಿಸಿಟ್ಟರೆ ಸಾಕು. ಮೆಮೊರಿಯೂ ಉಳಿಯುತ್ತದೆ, ಅಂಕಿಯೂ ಮೂಲದ್ದೇ ಸಿಗುತ್ತದೆ.

ಆ ಪಟ್ಟಿಯಲ್ಲಿ ಪ್ರತಿ ಮಾರುಕಟ್ಟೆಯ ಮುಂದೆ ದಿನಾಂಕ, ತಳಿ, ಆವಕ, ಕನಿಷ್ಠ ದರ, ಗರಿಷ್ಠ ದರ, ಮಾದರಿ ದರ ಇರುತ್ತವೆ. ದರ ಕ್ವಿಂಟಲ್‌ಗೆ. ಮಾದರಿ ದರ ಎಂದರೆ ಆ ದಿನ ಹೆಚ್ಚಿನ ಮಾಲು ಯಾವ ದರಕ್ಕೆ ಹೋಯಿತೋ ಅದು. ಸ್ಕ್ರೀನ್‌ಶಾಟ್‌ನಲ್ಲಿ ಓಡಾಡುವುದು ಮಾತ್ರ ಹೆಚ್ಚಾಗಿ ಗರಿಷ್ಠ ದರ. ಗರಿಷ್ಠ ದರ ಒಂದೇ ಒಂದು ಒಳ್ಳೆಯ ಲಾಟ್‌ಗೆ ಬಿದ್ದದ್ದೂ ಆಗಿರಬಹುದು. ಅದನ್ನು ನಂಬಿ ಗಾಡಿ ಹೊಡೆಯುವುದು ಬೇಡ.

ಮಾದರಿ ದರ ನೋಡುವಾಗಲೂ ಪಕ್ಕದ ಎರಡು ಕಲಂ ಬಿಡಬಾರದು. ಮೊದಲನೆಯದು ದಿನಾಂಕ. ಕೆಲವು ಮಾರುಕಟ್ಟೆಗಳ ಅಂಕಿ ದಿನಾ ಏರುವುದಿಲ್ಲ, ಹಾಗಾಗಿ ಮೂರು ದಿನದ ಹಿಂದಿನ ಸಾಲೇ ಮೇಲೆ ಕೂತಿರಬಹುದು. ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ನಡೆಯುವುದು ಸೋಮವಾರ ಮತ್ತು ಗುರುವಾರ. ಬುಧವಾರ ರಾತ್ರಿ ನಾವು ನೋಡುವುದು ಸೋಮವಾರದ ದರ. ನಡುವೆ ಆವಕ ಏರಿದರೆ ಗುರುವಾರ ಬೆಳಿಗ್ಗೆ ಲೆಕ್ಕವೇ ಬೇರೆ. 2024ರ ಮಾರ್ಚ್ 11ರ ಸೋಮವಾರ ಅಲ್ಲಿ ದರ ಕುಸಿದು ರೈತರ ಸಿಟ್ಟು ವಾಹನಗಳಿಗೆ ಬೆಂಕಿ ಬೀಳುವ ಮಟ್ಟಕ್ಕೆ ಹೋಗಿದ್ದು ನಮಗೆಲ್ಲ ನೆನಪಿದೆ. ಹಿಂದಿನ ಮಾರುಕಟ್ಟೆ ದಿನದ ದರ ತಲೆಯಲ್ಲಿಟ್ಟುಕೊಂಡು ಬಂದವರಿಗೆ ಅಂಥ ಕುಸಿತ ಎಂಥ ಪೆಟ್ಟು ಅನ್ನುವುದನ್ನು ಆ ದಿನ ತೋರಿಸಿತು.

ಎರಡನೆಯದು ಆವಕ. ಇಡೀ ದಿನಕ್ಕೆ ಹತ್ತು ಹದಿನೈದು ಕ್ವಿಂಟಲ್ ಮಾತ್ರ ಬಂದಿದ್ದರೆ, ಅಲ್ಲಿನ ಮಾದರಿ ದರ ಒಬ್ಬಿಬ್ಬರ ಮಾಲಿನ ದರ ಅಷ್ಟೇ. ಕೊನೆಯ ಮೂರು ಮಾರುಕಟ್ಟೆ ದಿನಗಳ ಮಾದರಿ ದರ ಮತ್ತು ಆವಕ ಎರಡನ್ನೂ ಒಟ್ಟಿಗೆ ನೋಡಿದರೆ ದರ ಏರುತ್ತಿದೆಯೋ ಇಳಿಯುತ್ತಿದೆಯೋ ಅನ್ನುವ ಅಂದಾಜು ಸಿಗುತ್ತದೆ.

ಇನ್ನೊಂದು ಎಡವಟ್ಟು ಪಟ್ಟಿಯಲ್ಲಿ ಬೆಳೆಯ ಹೆಸರು ಹುಡುಕುವಾಗಲೇ ಆಗುತ್ತದೆ. ಕೇಂದ್ರದ ಪಟ್ಟಿಯಲ್ಲಿ ನಮ್ಮ ಹೆಸರುಕಾಳು ಇರುವುದು Green Gram (Moong)(Whole) ಎಂಬ ಸಾಲಿನಲ್ಲಿ. ಅದರ ಹತ್ತಿರವೇ Green Gram Dal (Moong Dal) ಇದೆ. ಅದು ಹೆಸರುಬೇಳೆ, ದರ ಜಾಸ್ತಿ. ಅವಸರದಲ್ಲಿ ಬೇಳೆಯ ದರ ನೋಡಿ ಕಾಳಿನ ದರ ಅಂದುಕೊಳ್ಳುವುದು ಸುಲಭ. ಕಡಲೆಗೂ ಇದೇ ಕತೆ. ಹುಬ್ಬಳ್ಳಿಯನ್ನು ಹುಡುಕುವಾಗ Hubli (Amaragol) ಎಂಬ ಹಳೆಯ ಬರಹವನ್ನೂ ನೋಡಬೇಕು.

ಈಗ ಲೆಕ್ಕಕ್ಕೆ ಬರೋಣ. ರೋಣ ತಾಲೂಕಿನ ಒಬ್ಬ ರೈತರಿಗೆ ಐದು ಎಕರೆ ಎರೆ ಹೊಲದಲ್ಲಿ 15 ಕ್ವಿಂಟಲ್ ಹೆಸರು ಬಂತು ಅಂದುಕೊಳ್ಳೋಣ. ಇಲ್ಲಿನ ಮಾರುಕಟ್ಟೆ ದರಗಳು ಲೆಕ್ಕ ತಿಳಿಯಲು ಹಿಡಿದದ್ದು. ಗದಗದ ಮಾದರಿ ದರ 7,100, ಹುಬ್ಬಳ್ಳಿಯದು 7,350. ರಾಶಿ ಮಾಡುವಾಗ ಮಳೆ ಹಿಡಿದಿತ್ತು, ಕಾಳಿನಲ್ಲಿ ಶೇಕಡಾ 16ರಷ್ಟು ತೇವ ಉಳಿದಿದೆ. ಗದಗದಲ್ಲಿ ಟೆಂಡರ್ 6,400ಕ್ಕೆ ಬಿತ್ತು. ಅಲ್ಲೇ ಕೊಟ್ಟರೆ ಸಿಗುವುದು 96,000 ರೂಪಾಯಿ.

ಆ ಏಳು ನೂರರ ವ್ಯತ್ಯಾಸ ತೇವದಿಂದ ಬಂದದ್ದು. ಸರ್ಕಾರಿ ಖರೀದಿಗೆ ಹೆಸರಿನಲ್ಲಿ ಶೇಕಡಾ 12ಕ್ಕಿಂತ ಹೆಚ್ಚು ತೇವ ಇರಬಾರದು. ವ್ಯಾಪಾರಿಗಳೂ ಆ ಮಟ್ಟವನ್ನೇ ಮನಸ್ಸಿನಲ್ಲಿಟ್ಟುಕೊಂಡು ಟೆಂಡರ್ ಬರೆಯುತ್ತಾರೆ. ಒಣಗಿದ ಮಾಲಿನ ದರ ಫೋನ್‌ನಲ್ಲಿದೆ, ಹಸಿ ಮಾಲು ಅಂಗಡಿಯಲ್ಲಿದೆ. ಎರಡನ್ನೂ ಹೋಲಿಸಿದರೆ ಮೋಸ ಅನ್ನಿಸುವುದು ಸಹಜ.

ಒಣಗಿಸಿದರೆ ತೂಕ ಇಳಿಯುತ್ತದಲ್ವಾ, ಅದನ್ನೂ ಲೆಕ್ಕ ಹಾಕಬೇಕು. ಶೇಕಡಾ 16ರಿಂದ 12ಕ್ಕೆ ಇಳಿಸಿದರೆ 15 ಕ್ವಿಂಟಲ್ ಹೆಚ್ಚುಕಡಿಮೆ 14 ಕ್ವಿಂಟಲ್ 32 ಕಿಲೋ ಆಗುತ್ತದೆ. ಅಂದರೆ 68 ಕಿಲೋ ನೀರಾಗಿ ಹೋಯಿತು. ಉಳಿದದ್ದು 7,100ಕ್ಕೆ ಹೋದರೆ 1,01,672 ರೂಪಾಯಿ. ತೂಕ ಕಡಿಮೆಯಾದರೂ ಐದೂವರೆ ಸಾವಿರ ಹೆಚ್ಚೇ ಬಂತು. ಟೆಂಡರ್ ದರ ಒಪ್ಪಿಗೆ ಆಗದಿದ್ದರೆ ಮಾಲು ಕೊಡದೆ ಇರುವ ಹಕ್ಕು ರೈತರಿಗಿದೆ. ಬಿಸಿಲು ಇದ್ದು, ಕಣದಲ್ಲಿ ಜಾಗ ಇದ್ದರೆ ಒಣಗಿಸಿ ತರುವುದೇ ಲಾಭ. ಮೋಡ ಕವಿದು ಕೂತಿದ್ದರೆ ಕಾಳು ಕಪ್ಪಾಗುವ, ಬೂಸ್ಟು ಹಿಡಿಯುವ ಭಯ ಇರುತ್ತದೆ. ಆಗ 6,400ಕ್ಕೆ ಕೊಟ್ಟವರನ್ನು ತಪ್ಪು ಅನ್ನಲಾಗದು.

ಹುಬ್ಬಳ್ಳಿಗೆ ಹೋದರೆ? ಕ್ವಿಂಟಲ್‌ಗೆ 250 ಹೆಚ್ಚು, ಒಟ್ಟು 3,580 ರೂಪಾಯಿ. ಗದಗಕ್ಕಿಂತ ಹುಬ್ಬಳ್ಳಿಗೆ ಗಾಡಿ ಬಾಡಿಗೆ 2,500 ಜಾಸ್ತಿ ಆದರೆ ಉಳಿಯುವುದು ಸಾವಿರ ಚಿಲ್ಲರೆ. ಅಷ್ಟಕ್ಕೆ ಒಂದು ದಿನ ಹೋಗುತ್ತದೆ, ಅಲ್ಲಿ ದರ ಇಳಿದಿದ್ದರೆ ಅದೂ ಇಲ್ಲ. ಮಾರುಕಟ್ಟೆ ಮಾರುಕಟ್ಟೆ ನಡುವಿನ ಎರಡು ಮೂರು ನೂರರ ವ್ಯತ್ಯಾಸ ಹತ್ತು ಹದಿನೈದು ಕ್ವಿಂಟಲ್ ಇರುವವರಿಗೆ ಅಷ್ಟೇನೂ ಅಲ್ಲ. ಊರಿನ ನಾಲ್ಕು ಜನ ಸೇರಿ ಒಂದೇ ಗಾಡಿ ಮಾಡಿದರೆ ಮಾತು ಬೇರೆ. ಹಾಗೆಯೇ ಒಂದು ಮಾತು ತಿಳಿದಿರಲಿ. ನಮ್ಮ ರಾಜ್ಯದಲ್ಲಿ ದಲಾಲರ ಕಮಿಷನ್ ಕೊಡಬೇಕಾದವರು ಖರೀದಿದಾರರು. ಹಮಾಲಿ ರೈತರ ಮೇಲೆ ಬರುತ್ತದೆ, ಕಮಿಷನ್ ಬರಬಾರದು. ಬಿಳಿ ಚೀಟಿಯಲ್ಲಿ ಬರೆದು ಹಿಡಿದುಕೊಂಡರೆ ಪಕ್ಕಾ ಬಿಲ್ ಕೇಳಬೇಕು.

ಇಲ್ಲಿಗೆ ದರದ ಆ್ಯಪ್‌ನ ಕೆಲಸ ಮುಗಿಯಿತು. ಇನ್ನು ಬೆಂಬಲ ಬೆಲೆ. 2025-26ರ ಮುಂಗಾರಿಗೆ ಹೆಸರಿನ ಬೆಂಬಲ ಬೆಲೆ ಕ್ವಿಂಟಲ್‌ಗೆ 8,768 ರೂಪಾಯಿ. 7,100ಕ್ಕೂ ಇದಕ್ಕೂ ಇರುವ ವ್ಯತ್ಯಾಸ 1,668. ಎರಡು ಮಾರುಕಟ್ಟೆಗಳ ನಡುವಿನ 250ರ ಮುಂದೆ ಇದು ದೊಡ್ಡ ಮೊತ್ತ. ಆದರೆ ಈ ಅಂಕಿ ಫೋನ್‌ನಲ್ಲಿ ಎಲ್ಲರಿಗೂ ಕಾಣುತ್ತದೆ, ಕೈಗೆ ಎಲ್ಲರಿಗೂ ಸಿಗುವುದಿಲ್ಲ.

ಖರೀದಿ ಕೇಂದ್ರ ಊರಿನ ಅಥವಾ ಹತ್ತಿರದ ಸಹಕಾರ ಸಂಘದಲ್ಲಿ ಇರುತ್ತದೆ. ಅಲ್ಲಿ ನಿಮ್ಮ ಹೆಸರು ನೋಂದಾಯಿಸಲು ಕೇಳುವುದು ಎಫ್‌ಐಡಿ ನಂಬರ್. ಇದು ರಾಜ್ಯದ ಫ್ರೂಟ್ಸ್ ತಂತ್ರಾಂಶದಲ್ಲಿ ಪ್ರತಿ ರೈತರಿಗೆ ಕೊಟ್ಟ ಗುರುತಿನ ಸಂಖ್ಯೆ. ಆ ನಂಬರ್ ಹಾಕಿದ ಕೂಡಲೇ ಕಂಪ್ಯೂಟರ್‌ನಲ್ಲಿ ನಿಮ್ಮ ಆಧಾರ್, ಜಮೀನಿನ ಸರ್ವೆ ನಂಬರ್‌ಗಳು ಮತ್ತು ಆ ಹಂಗಾಮಿನ ಬೆಳೆ ಸಮೀಕ್ಷೆಯಲ್ಲಿ ಆ ಸರ್ವೆ ನಂಬರ್‌ಗೆ ಯಾವ ಬೆಳೆ ದಾಖಲಾಗಿದೆ ಎಂಬುದು ಬರುತ್ತದೆ. ಹೆಸರು ಎಷ್ಟು ಎಕರೆ ಎಂದು ಅಲ್ಲಿ ಬಂದಿದೆಯೋ ಅಷ್ಟಕ್ಕೇ ಖರೀದಿ. ಎಕರೆಗೆ ಎಷ್ಟು ಕ್ವಿಂಟಲ್, ಒಬ್ಬರಿಂದ ಒಟ್ಟು ಎಷ್ಟು ಎಂಬ ಮಿತಿಯನ್ನು ಆಯಾ ವರ್ಷದ ಆದೇಶದಲ್ಲಿ ಹೇಳಿರುತ್ತಾರೆ.

ನಮ್ಮ ಉದಾಹರಣೆಯಲ್ಲಿ ಎಕರೆಗೆ 2 ಕ್ವಿಂಟಲ್ ಮಿತಿ ಅಂದುಕೊಳ್ಳೋಣ. ಐದೂ ಎಕರೆ ಹೆಸರು ಎಂದು ದಾಖಲಾಗಿದ್ದರೆ 10 ಕ್ವಿಂಟಲ್ ಬೆಂಬಲ ಬೆಲೆಗೆ ಹೋಗುತ್ತದೆ, ಅದು 87,680 ರೂಪಾಯಿ. ಉಳಿದ 4.32 ಕ್ವಿಂಟಲ್ ಮಾರುಕಟ್ಟೆಗೆ, ಅದು 30,672. ಒಟ್ಟು 1,18,352. ಅದೇ ಸಮೀಕ್ಷೆಯಲ್ಲಿ ಎರಡೇ ಎಕರೆ ಹೆಸರು ಬಂದು, ಉಳಿದ ಮೂರು ಎಕರೆ ಖಾಲಿ ಎಂದೋ ಬೇರೆ ಬೆಳೆ ಎಂದೋ ಬಿದ್ದಿದ್ದರೆ 4 ಕ್ವಿಂಟಲ್ ಮಾತ್ರ ಕೇಂದ್ರಕ್ಕೆ ಕೊಡಬಹುದು. ಆಗ ಒಟ್ಟು 1,08,344. ಕಾಳು ಅದೇ, ಹೊಲ ಅದೇ. ಹತ್ತು ಸಾವಿರ ರೂಪಾಯಿ ಒಂದು ದಾಖಲೆಯ ಸಾಲಿನಲ್ಲಿ ಹೋಯಿತು.

ಈ ತಪ್ಪು ಹೆಸರಿಗೇ ಹೆಚ್ಚು ಕಾಡಲು ಒಂದು ಕಾರಣ ಇದೆ. ಹೆಸರು ಅರವತ್ತು ಎಪ್ಪತ್ತು ದಿನದ ಬೆಳೆ. ಜೂನ್‌ನಲ್ಲಿ ಬಿತ್ತಿದರೆ ಆಗಸ್ಟ್‌ನಲ್ಲಿ ಹೊಲ ಖಾಲಿ. ಎರೆ ಹೊಲದವರು ಕೂಡಲೇ ರಂಟೆ ಹೊಡೆದು ಹಿಂಗಾರಿ ಕಡಲೆಗೋ ಜೋಳಕ್ಕೋ ಹೊಲ ಹದ ಮಾಡುತ್ತಾರೆ. ಬೆಳೆ ಸಮೀಕ್ಷೆ ಮಾಡುವ ಖಾಸಗಿ ನಿವಾಸಿ, ಅಂದರೆ ಊರಲ್ಲಿ ಎಲ್ಲರೂ ಪಿ.ಆರ್. ಎಂದು ಕರೆಯುವ ಹುಡುಗ, ನೂರಾರು ಸರ್ವೆ ನಂಬರ್ ಸುತ್ತಬೇಕು. ಅವನು ನಿಮ್ಮ ಹೊಲಕ್ಕೆ ಸೆಪ್ಟೆಂಬರ್‌ನಲ್ಲಿ ಬಂದರೆ ಅವನ ಫೋಟೋದಲ್ಲಿ ಬರುವುದು ಬರೀ ಕಪ್ಪು ಮಣ್ಣು. ಹತ್ತಿ, ಮೆಣಸಿನಕಾಯಿ, ಗೋವಿನಜೋಳಕ್ಕೆ ಈ ತೊಂದರೆ ಅಷ್ಟಿಲ್ಲ. ಅವು ಅಕ್ಟೋಬರ್‌ಗೂ ಹೊಲದಲ್ಲಿ ನಿಂತಿರುತ್ತವೆ. ಹತ್ತಿಯ ಸಾಲಿನ ನಡುವೆ ಹೆಸರು ಹಾಕಿದವರಿಗಂತೂ ಇನ್ನೂ ಕಷ್ಟ. ತಡವಾಗಿ ಬಂದವರಿಗೆ ಹತ್ತಿ ಮಾತ್ರ ಕಾಣುತ್ತದೆ.

ಆದ್ದರಿಂದ ಹೆಸರು ಬೆಳೆಯುವವರು ಜುಲೈನಲ್ಲೇ, ಹೂವು ಕಾಯಿ ಇರುವಾಗಲೇ, ತಮ್ಮ ಫೋನ್‌ನಿಂದ ತಾವೇ ಸಮೀಕ್ಷೆ ಮಾಡುವುದು ಒಳ್ಳೆಯದು. ಇದಕ್ಕೆ ಸರ್ಕಾರ ರೈತರಿಗಾಗಿಯೇ ಮುಂಗಾರು ಬೆಳೆ ಸಮೀಕ್ಷೆಯ ಆ್ಯಪ್ ಬಿಡುತ್ತದೆ. ಆ್ಯಪ್‌ನ ಹೆಸರಿನ ಜೊತೆ ಆ ವರ್ಷ ಬರೆದಿರುತ್ತದೆ, ಅದನ್ನು ನೋಡಿ ಹಾಕಿಕೊಳ್ಳಬೇಕು. ಹೋದ ವರ್ಷದ ಆ್ಯಪ್ ಫೋನ್‌ನಲ್ಲಿ ಉಳಿದಿದ್ದರೆ ತೆಗೆದುಹಾಕಿ, ಜಾಗವೂ ಸಿಗುತ್ತದೆ.

ಸಣ್ಣ ಫೋನ್‌ನಲ್ಲಿ ಈ ಕೆಲಸ ಎರಡು ಕಡೆ ಮಾಡಬೇಕು. ನೆಟ್‌ವರ್ಕ್ ಚೆನ್ನಾಗಿರುವ ಮನೆಯಲ್ಲೋ ಬಸ್‌ ಸ್ಟ್ಯಾಂಡ್ ಹತ್ತಿರವೋ ಆ್ಯಪ್ ತೆರೆದು, ಮೊಬೈಲ್‌ಗೆ ಬರುವ ಒಟಿಪಿ ಹಾಕಿ, ಊರು ಆರಿಸಿ, ಸರ್ವೆ ನಂಬರ್‌ನ ವಿವರ ಮತ್ತು ನಕ್ಷೆ ಇಳಿಸಿಕೊಳ್ಳಬೇಕು. ಆಮೇಲೆ ಹೊಲಕ್ಕೆ ಹೋಗಿ ಜಿಪಿಎಸ್ ಆನ್ ಮಾಡಿ, ಹೊಲದ ನಡುವೆ ನಿಂತು ಬೆಳೆ, ವಿಸ್ತೀರ್ಣ, ನೀರಾವರಿಯೋ ಖುಷ್ಕಿಯೋ ಎಂಬುದನ್ನು ಹಾಕಿ ಫೋಟೋ ತೆಗೆಯಬೇಕು. ಹೊಲದಲ್ಲಿ ಇಂಟರ್‌ನೆಟ್ ಇಲ್ಲದಿದ್ದರೂ ಫೋಟೋ ಉಳಿಯುತ್ತದೆ. ಊರಿಗೆ ಬಂದ ಮೇಲೆ ಅಪ್‌ಲೋಡ್ ಮಾಡಲು ಮರೆಯಬಾರದು. ಕೆಲಸ ಇಲ್ಲೇ ಹೆಚ್ಚಾಗಿ ನಿಂತುಬಿಡುತ್ತದೆ, ಫೋಟೋ ಫೋನ್‌ನಲ್ಲೇ ಕೂತಿರುತ್ತದೆ.

ಹಿಸ್ಸಾ ನಂಬರ್ ವಿಚಾರದಲ್ಲಿ ಎಚ್ಚರ ಬೇಕು. ಅಣ್ಣತಮ್ಮಂದಿರ ಹೊಲ ಒಂದೇ ಸರ್ವೆ ನಂಬರ್‌ನಲ್ಲಿ ಬೇರೆ ಬೇರೆ ಹಿಸ್ಸಾ ಆಗಿರುತ್ತದೆ. ಅಣ್ಣನ ಹಿಸ್ಸಾದಲ್ಲಿ ತಮ್ಮನ ಹೆಸರುಬೆಳೆ ಬಿದ್ದರೆ ಇಬ್ಬರಿಗೂ ತೊಂದರೆ. ಉತಾರ ಕೈಯಲ್ಲಿ ಹಿಡಿದುಕೊಂಡೇ ಆರಿಸಿ. ಎಕರೆ ಗುಂಟೆಯನ್ನೂ ಉತಾರದ ಜೊತೆ ಹೊಂದಿಸಿ ನೋಡಿ.

ದಾಖಲಾಗಿದೆಯೋ ಇಲ್ಲವೋ ತಿಳಿಯುವುದು ಹೇಗೆ? ಅದಕ್ಕೆ ‘ಬೆಳೆ ದರ್ಶಕ’ ಎಂಬ ಇನ್ನೊಂದು ಆ್ಯಪ್ ಇದೆ. ವರ್ಷ, ಹಂಗಾಮು, ಜಿಲ್ಲೆ, ತಾಲೂಕು, ಹೋಬಳಿ, ಊರು, ಸರ್ವೆ ನಂಬರ್ ಹಾಕಿದರೆ ಆ ಹೊಲಕ್ಕೆ ಯಾವ ಬೆಳೆ ಬಿದ್ದಿದೆ, ಎಷ್ಟು ವಿಸ್ತೀರ್ಣ, ಫೋಟೋ ಏನಿದೆ ಎಂಬುದು ಕಾಣುತ್ತದೆ. ತಪ್ಪಿದ್ದರೆ ಅಲ್ಲೇ ಆಕ್ಷೇಪಣೆ ಹಾಕಬಹುದು. ಆದರೆ ಆಕ್ಷೇಪಣೆಗೆ ಗಡುವು ಇರುತ್ತದೆ. ಖರೀದಿ ಕೇಂದ್ರದ ಸಾಲಿನಲ್ಲಿ ನಿಂತಾಗ ತಪ್ಪು ಗೊತ್ತಾದರೆ ಹೆಚ್ಚಾಗಿ ಹೊತ್ತು ಮೀರಿರುತ್ತದೆ. ಬೆಳೆ ವಿಮೆಯಲ್ಲೂ ಇದೇ ಸಾಲನ್ನು ನೋಡುತ್ತಾರೆ. ಹೆಸರಿಗೆ ವಿಮೆ ಕಟ್ಟಿ, ಸಮೀಕ್ಷೆಯಲ್ಲಿ ಬೇರೆ ಬೆಳೆ ಬಂದಿದ್ದರೆ ಪರಿಹಾರ ನಿಲ್ಲುತ್ತದೆ. ಹೀಗಾಗಿ ರಾಶಿಗೆ ಮೊದಲು ಒಂದು ಸಲ ಬೆಳೆ ದರ್ಶಕ ನೋಡಿದರೆ ಎರಡೂ ಕಡೆ ಕಾಪಾಡಿದಂತೆ.

ಎಫ್‌ಐಡಿ ಬಗ್ಗೆಯೂ ಒಂದು ಗೊಂದಲ ಇದೆ. ‘ನಮಗೆ ಪಿಎಂ ಕಿಸಾನ್ ದುಡ್ಡು ಬರುತ್ತದೆ, ಅಂದ ಮೇಲೆ ಎಲ್ಲ ಸರಿ ಇದೆ’ ಎಂದು ಬಹಳ ಜನ ನಂಬಿದ್ದಾರೆ. ಪಿಎಂ ಕಿಸಾನ್‌ನ ವರ್ಷದ 6,000 ರೂಪಾಯಿಗೆ ಎಕರೆ ಲೆಕ್ಕ ಇಲ್ಲ. ಎಫ್‌ಐಡಿಯಲ್ಲಿ ಒಂದೇ ಸರ್ವೆ ನಂಬರ್ ಇದ್ದರೂ ಅದು ಬರಬಹುದು. ಬೆಂಬಲ ಬೆಲೆಗೆ ಮಾತ್ರ ಹೆಸರು ಬೆಳೆದ ಪ್ರತಿ ಸರ್ವೆ ನಂಬರ್ ಎಫ್‌ಐಡಿಗೆ ಸೇರಿರಬೇಕು. ಆಮೇಲೆ ಕೊಂಡ ಹೊಲ, ಪಾಲಾಗಿ ಬಂದ ಹೊಲ ಹಲವರ ಎಫ್‌ಐಡಿಯಲ್ಲಿ ಇರುವುದಿಲ್ಲ. ರೈತ ಸಂಪರ್ಕ ಕೇಂದ್ರಕ್ಕೆ ಉತಾರ, ಆಧಾರ್ ಒಯ್ದರೆ ಸೇರಿಸಿಕೊಡುತ್ತಾರೆ. ಉತಾರ ಇನ್ನೂ ತೀರಿಹೋದ ಅಪ್ಪನ ಹೆಸರಲ್ಲೇ ಇದ್ದರೆ ಅದು ಆಗುವುದಿಲ್ಲ, ಮೊದಲು ಪೌತಿ ಖಾತೆ ಬದಲಾವಣೆ ಆಗಬೇಕು. ಇದಕ್ಕೆ ಯಾವ ಆ್ಯಪ್‌ನಲ್ಲೂ ಅಡ್ಡದಾರಿ ಇಲ್ಲ. ಇನ್ನೊಬ್ಬರ ಹೊಲ ಲಾವಣಿ ಹಾಕಿಕೊಂಡು ಬೆಳೆದವರಿಗೂ ಇಲ್ಲೇ ಬಾಗಿಲು ಮುಚ್ಚುತ್ತದೆ. ದಾಖಲೆಯಲ್ಲಿ ಇರುವುದು ಹೊಲದ ಒಡೆಯರು. ಬಿತ್ತಿ ಬೆಳೆದವರ ಹೆಸರು ಅಲ್ಲಿ ಇಲ್ಲ. ನನ್ನ ಮಟ್ಟಿಗೆ ಈ ಇಡೀ ವ್ಯವಸ್ಥೆಯ ದೊಡ್ಡ ಅನ್ಯಾಯ ಇದು.

ಸರ್ಕಾರಿ ಯೋಜನೆಯ ಹೆಸರಲ್ಲಿ ವಾಟ್ಸ್ಯಾಪ್‌ನಲ್ಲಿ ಬರುವ ಫೈಲ್‌ಗಳ ಬಗ್ಗೆಯೂ ಹೇಳಲೇಬೇಕು. ಪಿಎಂ ಕಿಸಾನ್ ಎಂದು ಬರೆದು, ಕೊನೆಗೆ .apk ಎಂದು ಇರುವ ಫೈಲ್ ಬಂದರೆ ಮುಟ್ಟಬೇಡಿ, ಕಳಿಸಿದವರು ಪರಿಚಯದವರಾದರೂ ಸರಿ. ಅವರ ಫೋನ್ ಹಾಳಾಗಿ ತಾನಾಗಿಯೇ ಕಳಿಸಿರಬಹುದು. ಅದನ್ನು ಹಾಕಿಕೊಂಡರೆ ಮೆಸೇಜ್ ಓದುವ ಅನುಮತಿ ತೆಗೆದುಕೊಂಡು, ಬ್ಯಾಂಕಿನ ಒಟಿಪಿ ಕದ್ದು ದುಡ್ಡು ಎತ್ತುತ್ತದೆ. ದರ ತೋರಿಸುವ ಆ್ಯಪ್‌ಗೆ ನಿಮ್ಮ ಮೆಸೇಜ್ ಓದುವ, ಕಾಂಟ್ಯಾಕ್ಟ್ ನೋಡುವ ಅಗತ್ಯ ಏನೂ ಇಲ್ಲ. ಕೇಳಿದರೆ ಅದನ್ನು ತೆಗೆದುಹಾಕಿ.

ಎಲ್ಲ ಸರಿ ಮಾಡಿಕೊಂಡರೂ ಒಂದು ತೊಡಕು ರೈತರ ಕೈಯಲ್ಲಿಲ್ಲ. ಹೆಸರು ಆಗಸ್ಟ್‌ನಲ್ಲಿ ಬರುತ್ತದೆ, ಖರೀದಿ ಕೇಂದ್ರ ಹಲವು ಸಲ ಅದಾದ ಮೇಲೆ ತೆರೆಯುತ್ತದೆ. ಹಿಂಗಾರಿ ಬೀಜ ಗೊಬ್ಬರಕ್ಕೆ ದುಡ್ಡು ಬೇಕಾದವರು ಅಷ್ಟರಲ್ಲಿ ಮಾರಿಬಿಟ್ಟಿರುತ್ತಾರೆ. ಕೇಂದ್ರಕ್ಕೆ ಕೊಟ್ಟ ಮೇಲೂ ದುಡ್ಡು ಆಧಾರ್ ಜೋಡಿಸಿದ ಖಾತೆಗೆ ಬರಲು ದಿನ ಹಿಡಿಯುತ್ತದೆ. ಹಾಗಾಗಿ ಅಂದಾಜು ಹೀಗೆ ಇಟ್ಟುಕೊಳ್ಳುವುದು ಒಳ್ಳೆಯದು. ಸಮೀಕ್ಷೆಯಲ್ಲಿ ಬಿದ್ದ ಎಕರೆಗೆ ಮಿತಿಯಷ್ಟು ಕಾಳನ್ನು ಚೆನ್ನಾಗಿ ಒಣಗಿಸಿ ಮನೆಯಲ್ಲಿಡಿ. ತುರ್ತಿಗೆ ಬೇಕಾದಷ್ಟನ್ನು ಮಿಕ್ಕಿದ ಮಾಲಿನಿಂದ ಮಾರಿ. ನಮ್ಮ ಉದಾಹರಣೆಯ ರೈತರ ಬಳಿ ಮಿಕ್ಕುವುದು ನಾಲ್ಕು ಕ್ವಿಂಟಲ್, ಅದರ ಮೂವತ್ತು ಸಾವಿರದಲ್ಲಿ ಕಡಲೆ ಬಿತ್ತನೆ ಶುರು ಮಾಡಬಹುದು.

ಇಲಾಖೆಗಳೂ ಎರಡು ಕೆಲಸ ಮಾಡಬೇಕು, ಎರಡೂ ದೊಡ್ಡ ಖರ್ಚಿನವಲ್ಲ. ದರದ ಪಟ್ಟಿಯಲ್ಲಿ ಗುಣಮಟ್ಟದ ಕಲಂ ಇದೆ, ಆದರೆ ಅಲ್ಲಿ ಹೆಚ್ಚಾಗಿ ಎಲ್ಲ ಸಾಲಿಗೂ ಒಂದೇ ದರ್ಜೆ ಬರೆದಿರುತ್ತದೆ. ಅಲ್ಲಿ ತೇವದ ಅಂಕಿ ಹಾಕಿದರೆ ಹಸಿ ಮಾಲಿನ ದರ ಎಷ್ಟು, ಒಣ ಮಾಲಿನದು ಎಷ್ಟು ಎಂದು ರೈತರು ಮನೆಯಲ್ಲೇ ತೀರ್ಮಾನಿಸಬಹುದು. ಎರಡನೆಯದು, ಗದಗ ಮತ್ತು ಧಾರವಾಡ ಜಿಲ್ಲೆಯ ಹೆಸರು ಬೆಳೆಯುವ ತಾಲೂಕುಗಳಲ್ಲಿ ಪಿ.ಆರ್.ಗಳು ಮೊದಲು ಹೆಸರಿನ ಹೊಲ ಮುಗಿಸಿ ಆಮೇಲೆ ಹತ್ತಿ, ಗೋವಿನಜೋಳಕ್ಕೆ ಹೋಗುವಂತೆ ಕ್ರಮ ಬದಲಿಸಬೇಕು. ಜುಲೈ ಮುಗಿಯುವುದರೊಳಗೆ ಹೆಸರಿನ ಫೋಟೋ ಏರಿರಬೇಕು. ಅಲ್ಲಿಯವರೆಗೆ ಆ ಫೋಟೋ ತೆಗೆಯುವ ಕೆಲಸ ಹೊಲದವರ ಮನೆಯ ಫೋನ್‌ನದೇ.